ನಿಮ್ಮ ಆ್ಯಪ್‌ನ ಹೊರಗೊಂದು ಲೆಕ್ಕ ಇದೆ, ಅದನ್ನು ತೋರಿಸಿ

*ಮಾನ್ಯ ಸಂಪಾದಕರೇ, ನಾನು ಬದಿಯಡ್ಕದವ. ಇಬ್ಬರು ಸ್ನೇಹಿತರ ಜೊತೆ ಸೇರಿ ಮ್ಯೂಚುವಲ್ ಫಂಡ್‌ಗೆ ಹಣ ಹಾಕುವ ಕನ್ನಡ ಆ್ಯಪ್ ಮಾಡಿದ್ದೇವೆ. ಫಂಡ್ ಕಂಪೆನಿಗಳ ಒಕ್ಕೂಟವಾದ ಆಂಫಿಯಲ್ಲಿ ವಿತರಕರಾಗಿ ನೋಂದಣಿ ಇದೆ. ಊರಿನವರು ಡೌನ್‌ಲೋಡ್ ಮಾಡುತ್ತಾರೆ, ಆದರೆ ಪ್ಯಾನ್ ನಂಬರ್ ಕೇಳುವಲ್ಲಿಗೆ ನಿಲ್ಲಿಸಿಬಿಡುತ್ತಾರೆ. ‘ನಿಮ್ಮ ಹಣ ನೂರಕ್ಕೆ ನೂರು ಸುರಕ್ಷಿತ’ ಎಂದು ಮೊದಲ ಪುಟದಲ್ಲೇ ಬರೆದಿದ್ದೇವೆ. ಸಿನಿಮಾ ನಟರೊಬ್ಬರ ಮುಖ ಹಾಕಿದರೆ ನಂಬಿಕೆ ಬಂದೀತೇ? ಮೊದಲ ಸಲ ಹಣ ಹಾಕುವವರ ಮುಂದೆ ನಾವು ಯಾರೆಂದು ಹೇಳಿಕೊಳ್ಳಬೇಕು?*
*— ಓದುಗರೊಬ್ಬರು, ಬದಿಯಡ್ಕ*

ಪ್ರಿಯ ಮಿತ್ರರೇ,

ಆ ‘ನೂರಕ್ಕೆ ನೂರು’ ಸಾಲನ್ನು ಇವತ್ತೇ ತೆಗೆಯಿರಿ. ಮಾರುಕಟ್ಟೆಯ ಏರಿಳಿತ ಇರುವ ಫಂಡ್‌ಗೆ ಆ ಮಾತು ಹೇಳುವಂತಿಲ್ಲ, ನಿಯಮವೂ ಒಪ್ಪುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ನಮ್ಮ ಕಡೆ ದುಡ್ಡು ನುಂಗಿ ಹೋದವರೆಲ್ಲ ಹೇಳಿದ್ದು ಇದೇ ಮಾತು.

ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ತಂದೆ ಒಂದು ಉಳಿತಾಯ ಕಂಪೆನಿಗೆ ವಾರ ವಾರ ಹಣ ಕಟ್ಟುತ್ತಿದ್ದರು. ಏಜೆಂಟ್ ಮನೆಗೆ ಬಂದು ಚಹಾ ಕುಡಿದು ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋಗುತ್ತಿದ್ದ. ಒಂದು ಮಳೆಗಾಲ ಪೇಟೆಯ ಆಫೀಸಿಗೆ ಬೀಗ ಬಿತ್ತು. ಪುಸ್ತಕ ನಮ್ಮ ಕೈಯಲ್ಲೇ ಇತ್ತು, ಸಹಿಗಳೂ ಇದ್ದವು. ಆದರೆ ತಂದೆಯ ಹೆಸರಿನಲ್ಲಿ ಹಣ ಇದೆ ಎಂದು ಹೇಳುವ ಎರಡನೆಯ ಜಾಗ ಎಲ್ಲೂ ಇರಲಿಲ್ಲ. ನಿಮ್ಮ ಆ್ಯಪ್ ತೆರೆದು ಪ್ಯಾನ್ ಹಾಕದೆ ಮುಚ್ಚುವವರ ಮನೆಗಳಲ್ಲೂ ಇಂಥ ಒಂದು ಪುಸ್ತಕ ಇರಬಹುದು. ಅವರಿಗೆ ತಿಳಿಯಬೇಕಾದದ್ದು ಒಂದೇ: ನೀವು ನಾಳೆ ಬೀಗ ಹಾಕಿದರೆ ನನ್ನ ದುಡ್ಡು ಎಲ್ಲಿ?

ನಿಮ್ಮ ಅದೃಷ್ಟಕ್ಕೆ, ಇದಕ್ಕೆ ನಿಮ್ಮಲ್ಲಿ ನಿಜವಾದ ಉತ್ತರ ಇದೆ. ಮ್ಯೂಚುವಲ್ ಫಂಡ್‌ನ ಹಣ ವಿತರಕರ ಖಾತೆಯಲ್ಲಿ ನಿಲ್ಲುವಂತೆಯೇ ಇಲ್ಲ. 2022ರ ಜುಲೈಯಿಂದ ಮಾರುಕಟ್ಟೆ ನಿಯಂತ್ರಕ ಸೆಬಿ ಅದನ್ನು ನಿಲ್ಲಿಸಿದೆ. ಹಣ ಹೂಡಿಕೆದಾರರ ಬ್ಯಾಂಕ್ ಖಾತೆಯಿಂದ ನೇರ ಫಂಡ್ ಕಂಪೆನಿಗೆ ಇಲ್ಲವೇ ಷೇರು ವಿನಿಮಯ ಕೇಂದ್ರದ ಹಣದ ಲೆಕ್ಕ ಚುಕ್ತಾ ಮಾಡುವ ಕ್ಲಿಯರಿಂಗ್ ಕಾರ್ಪೊರೇಶನ್‌ಗೆ ಹೋಗಬೇಕು. ಯುನಿಟ್‌ಗಳ ಲೆಕ್ಕ ಇಡುವುದು ರಿಜಿಸ್ಟ್ರಾರ್ ಸಂಸ್ಥೆಗಳು, ಹೆಚ್ಚಾಗಿ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್. ಹೂಡಿಕೆದಾರರ ಹೆಸರಿಗೆ ಒಂದು ಫೋಲಿಯೋ ನಂಬರ್ ಇರುತ್ತದೆ. ಅದು ಕೈಯಲ್ಲಿದ್ದರೆ ನಿಮ್ಮ ಆ್ಯಪ್ ಫೋನಿನಲ್ಲಿ ಇಲ್ಲದಿದ್ದರೂ ಫಂಡ್ ಕಂಪೆನಿಯ ಮೂಲಕವೇ ಹಣ ತೆಗೆಯಬಹುದು, ಅದು ನೋಂದಾಯಿಸಿದ ಬ್ಯಾಂಕ್ ಖಾತೆಗೇ ಬರುತ್ತದೆ. ಮೊದಲ ಪುಟಕ್ಕೆ ಈ ಒಂದು ಸಾಲು ಸಾಕು: ‘ನಾವು ಇಲ್ಲದಿದ್ದರೂ ನಿಮ್ಮ ಲೆಕ್ಕ ಇರುತ್ತದೆ, ಎಲ್ಲಿ ನೋಡಬೇಕೆಂದು ತೋರಿಸುತ್ತೇವೆ.’

ತೋರಿಸುವುದು ಹೇಗೆ? ನಮ್ಮ ಅಡಿಕೆಯವರಿಗೆ ಅಡಿಕೆಯ ಲೆಕ್ಕದಲ್ಲೇ ಹೇಳಿ. ಕ್ಯಾಂಪ್ಕೋ ಬ್ರಾಂಚಿಗೆ ಚಾಲಿ ಒಯ್ದಾಗ ಕಣ್ಣೆದುರಿಗೇ ತೂಕ ಆಗುತ್ತದೆ, ಬಿಲ್ಲಿನಲ್ಲಿ ಕಿಲೋ ಮತ್ತು ದರ ಬೇರೆ ಬೇರೆ ಇರುತ್ತವೆ. ಫಂಡ್‌ನಲ್ಲಿ ಯುನಿಟ್ ಎಂದರೆ ಕಿಲೋ, ಎನ್‌ಎವಿ ಎಂದರೆ ಆ ದಿನದ ದರ. ಒಬ್ಬರು 5,000 ರೂಪಾಯಿ ಹಾಕಿದರು ಎನ್ನಿ. ಸ್ಟಾಂಪ್ ಡ್ಯೂಟಿ 25 ಪೈಸೆ ಕಳೆದು 4,999.75 ಉಳಿಯಿತು. ಆ ದಿನದ ಎನ್‌ಎವಿ 40 ರೂಪಾಯಿ ಆಗಿದ್ದರೆ 124.994 ಯುನಿಟ್ ಸಿಕ್ಕಿತು. ತಿಂಗಳ ಬಳಿಕ ಎನ್‌ಎವಿ 38ಕ್ಕೆ ಇಳಿದರೆ ಬೆಲೆ ಸುಮಾರು 4,750. ಹೊಸಬರು ಇಲ್ಲಿ ‘250 ರೂಪಾಯಿ ಯಾರೋ ತೆಗೆದರು’ ಎಂದು ಹೆದರುತ್ತಾರೆ. ನಿಮ್ಮ ಪರದೆಯಲ್ಲಿ ಯುನಿಟ್ ಮೇಲೆ ದೊಡ್ಡದಾಗಿ, ದರ ಅದರ ಕೆಳಗೆ, ಬೆಲೆ ಕೊನೆಗೆ ಇರಲಿ. ದರ ಇಳಿದಿದೆ, ಗೋಣಿಯಲ್ಲಿದ್ದದ್ದು ಕಡಿಮೆಯಾಗಿಲ್ಲ ಎಂಬುದು ಅಡಿಕೆ ಮಾರಿದವರಿಗೆ ಕೂಡಲೇ ಹೊಳೆಯುತ್ತದೆ. ಆ 25 ಪೈಸೆಯನ್ನೂ ಬಚ್ಚಿಡಬೇಡಿ. ನಮ್ಮವರು ಪೈಸೆಯ ಲೆಕ್ಕವನ್ನೂ ನೋಡುತ್ತಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ‘ಸಣ್ಣ ಮೊತ್ತ ಹಾಕಿ, ತೆಗೆದು ನೋಡಿ’ ಎಂದು ಹೇಳುವುದು ಒಳ್ಳೆಯದೇ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ವಾಟ್ಸಾಪ್ ಗುಂಪುಗಳಿಂದ ಬರುವ ನಕಲಿ ಟ್ರೇಡಿಂಗ್ ಆ್ಯಪ್‌ಗಳೂ ಮೊದಲು ಸಣ್ಣ ಮೊತ್ತ ವಾಪಸ್ ಕೊಡುತ್ತವೆ. ಪರದೆಯ ಮೇಲೆ ಲಾಭ ಏರುತ್ತಾ ಹೋಗುತ್ತದೆ, ದೊಡ್ಡ ಮೊತ್ತ ಕೇಳಿದಾಗ ಮಾತ್ರ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತವೆ. ಆ್ಯಪ್‌ನ ಒಳಗೆ ಕಾಣುವ ಯಾವ ಅಂಕಿಯೂ ಆ್ಯಪ್‌ನ ಸಾಚಾತನಕ್ಕೆ ಪುರಾವೆ ಆಗುವುದಿಲ್ಲ. ಪುರಾವೆ ಬೇರೆ ಮನೆಯಿಂದ ಬರಬೇಕು.

ಆದ್ದರಿಂದ ಮೊದಲ ವಾರವನ್ನು ಹೀಗೆ ನಡೆಸಿ. ಸೋಮವಾರ ಬೆಳಿಗ್ಗೆ, ಒಂದೇ ದಿನದ ಸಾಲಕ್ಕೆ ಹಣ ಕೊಡುವ ಓವರ್‌ನೈಟ್ ಫಂಡ್‌ನಲ್ಲಿ 500 ರೂಪಾಯಿ ಹಾಕಿಸಿ. ಅದರಲ್ಲಿ ಏರಿಳಿತ ತೀರಾ ಕಡಿಮೆ. ಬ್ಯಾಂಕಿನ ಮೆಸೇಜಿನಲ್ಲಿ ನಿಮ್ಮ ಹೆಸರಿನ ಬದಲು ಕ್ಲಿಯರಿಂಗ್ ಕಾರ್ಪೊರೇಶನ್‌ನ ಹೆಸರು ಬರಬಹುದು, ಅದನ್ನು ಹಣ ಹೋಗುವ ಮೊದಲೇ ಹೇಳಿಡಿ. ಯುನಿಟ್ ಬಂದ ಮೇಲೆ ಅವರನ್ನು ನಿಮ್ಮ ಆ್ಯಪ್‌ನಿಂದ ಹೊರಗೆ ಕಳುಹಿಸಿ: ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್ ವೆಬ್‌ಸೈಟಿನಲ್ಲಿ ತಮ್ಮ ಇಮೇಲ್ ಕೊಟ್ಟು ಒಟ್ಟು ಖಾತೆಯ ಸ್ಟೇಟ್‌ಮೆಂಟ್ ತರಿಸಿಕೊಳ್ಳಲಿ. ಅಲ್ಲಿಯ ಫೋಲಿಯೋ ನಂಬರ್, ಯುನಿಟ್ ನಿಮ್ಮ ಪರದೆಯ ಜೊತೆ ತಾಳೆಯಾಗಬೇಕು. ಗುರುವಾರ ಹಣ ತೆಗೆಯಲಿ. ರಜೆ ಇಲ್ಲದಿದ್ದರೆ ಸಾಮಾನ್ಯವಾಗಿ ಮರು ಕೆಲಸದ ದಿನ ಖಾತೆಗೆ ಬರುತ್ತದೆ. ಮುಂದೆ ಷೇರುಗಳಿಗೆ ಹಣ ಹಾಕುವ ಈಕ್ವಿಟಿ ಫಂಡ್‌ಗೆ ಎರಡು ಕೆಲಸದ ದಿನ ಬೇಕೆಂದೂ ಆಗಲೇ ತಿಳಿಸಿ.

ಈ ದಾರಿ ಕೆಡುವುದು ಇಮೇಲ್‌ನಲ್ಲಿ. ಹಿರಿಯರಿಗೆ ಇಮೇಲ್ ಇಲ್ಲವೆಂದು ನಿಮ್ಮ ಹುಡುಗರು ತಮ್ಮದನ್ನೇ ಹಾಕಿಬಿಟ್ಟರೆ ಸ್ಟೇಟ್‌ಮೆಂಟ್ ನಿಮ್ಮ ಕೈಗೇ ಬರುತ್ತದೆ, ನನ್ನ ತಂದೆಯ ಪುಸ್ತಕದ ಕಥೆಯೇ ಮತ್ತೆ. ಅವರದ್ದೋ ಮಕ್ಕಳದ್ದೋ ಇಮೇಲ್ ಇಲ್ಲದೆ ಖಾತೆ ತೆರೆಯಬೇಡಿ.

ಪ್ಯಾನ್ ಹತ್ತಿರ ಜನ ನಿಲ್ಲುವುದಕ್ಕೆ ಕ್ರಮವೂ ಒಂದು ಕಾರಣ ಎಂದು ನನಗನಿಸುತ್ತದೆ. ಏನನ್ನೂ ತೋರಿಸದೆ ದಾಖಲೆ ಕೇಳುತ್ತಿದ್ದೀರಿ. ಫಂಡ್‌ಗಳನ್ನೂ ಒಂದು ಮಾದರಿ ಸ್ಟೇಟ್‌ಮೆಂಟನ್ನೂ ಮೊದಲು ನೋಡಲು ಬಿಡಿ, ಪ್ಯಾನ್ ಆಮೇಲೆ ಕೇಳಿ. ಖಾತೆ ಪರೀಕ್ಷಿಸಲು ನೀವು ಕಳುಹಿಸುವ 1 ರೂಪಾಯಿಯ ವಿಷಯವನ್ನೂ ಮೊದಲೇ ಹೇಳಿ, ಗೊತ್ತಿಲ್ಲದ ಕಡೆಯಿಂದ ಬಂದ ಒಂದು ರೂಪಾಯಿ ಹೆದರಿಸುತ್ತದೆ. ನಮ್ಮಲ್ಲಿ ಹೆಸರಿನ ಇನಿಶಿಯಲ್ ಪ್ಯಾನ್‌ನಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ, ಬ್ಯಾಂಕಿನಲ್ಲಿ ಬಿಡಿಸಿ ಬರೆದಿರುವುದು ಮಾಮೂಲು. ಅಲ್ಲಿ ‘ತಿರಸ್ಕರಿಸಲಾಗಿದೆ’ ಎಂದಷ್ಟೇ ಬಂದರೆ ತಮ್ಮ ಮೇಲೇ ಸಂಶಯ ಎಂದು ಬಗೆಯುತ್ತಾರೆ. ಯಾವ ಎರಡು ದಾಖಲೆಯಲ್ಲಿ ಹೆಸರು ಹೊಂದಿಲ್ಲ ಎಂದು ಕನ್ನಡದಲ್ಲಿ ಬರೆಯಿರಿ.

ನೀವು ಯಾರೆಂದು ಕೇಳಿದ್ದೀರಿ. ನೀವು ವಿತರಕರು, ಅದನ್ನೇ ಬರೆಯಿರಿ, ಆಂಫಿ ಕೊಟ್ಟ ಎಆರ್‌ಎನ್ ನಂಬರಿನ ಜೊತೆ. ‘ಸೆಬಿ ಅನುಮೋದಿತ’ ಬೇಡ, ‘ಹೂಡಿಕೆ ಸಲಹೆಗಾರರು’ ಎಂಬುದೂ ಬೇಡ. ಸಲಹೆಗಾರರ ನೋಂದಣಿ ಬೇರೆಯೇ ಇದೆ. ನಿಮಗೆ ಫಂಡ್ ಕಂಪೆನಿಯಿಂದ ಕಮಿಷನ್ ಬರುತ್ತದೆ ಎಂಬುದನ್ನು ರೂಪಾಯಿಯಲ್ಲೇ ಹೇಳಿ. ವರ್ಷಕ್ಕೆ ಶೇ. 0.8 ಇದ್ದರೆ 5,000ಕ್ಕೆ 40 ರೂಪಾಯಿ. ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರಿಂದ ಇದೆ ಎಂದೂ ಬರೆಯಿರಿ. ಗಿರಾಕಿ ಹೋಗಿಬಿಡುತ್ತಾನೆ ಎಂದು ನಿಮ್ಮ ಸ್ನೇಹಿತರು ಹೆದರಬಹುದು. ಕೆಲವರು ಹೋಗುತ್ತಾರೆ ನಿಜ. ಆದರೆ ಇದನ್ನು ಎರಡು ವರ್ಷದ ಬಳಿಕ ಅಳಿಯನ ಬಾಯಿಂದ ಕೇಳಿದ ಮಾವ ನಿಮ್ಮ ಉಳಿದ ಯಾವ ಮಾತನ್ನೂ ನಂಬುವುದಿಲ್ಲ.

ನಟರ ಮುಖಕ್ಕೆ ಇಟ್ಟ ಹಣದಲ್ಲಿ ಬದಿಯಡ್ಕ ಪೇಟೆಯಲ್ಲಿ ಒಂದು ಕೋಣೆ ಹಿಡಿದು, ಫೋನಿಗೆ ಕನ್ನಡ, ಮಲಯಾಳ, ತುಳು ಮಾತನಾಡುವ ಒಬ್ಬರನ್ನು ಕೂರಿಸಿ.

ಡೌನ್‌ಲೋಡ್ ಎಣಿಸುವುದನ್ನು ಸ್ವಲ್ಪ ದಿನ ಬಿಡಿ. ಮೊದಲ ವಾರ ಮುಗಿಸಿದ ಹತ್ತು ಜನರ ಮನೆಗೆ ಹೋಗಿ ಕೇಳಿ: ‘ನಾಳೆ ಈ ಆ್ಯಪ್ ಫೋನಿನಿಂದ ಮಾಯವಾದರೆ ಏನು ಮಾಡುತ್ತೀರಿ?’ ‘ನಿಮ್ಮ ಆಫೀಸಿಗೆ ಬರುತ್ತೇವೆ’ ಎಂದರೆ ಕೆಲಸ ಇನ್ನೂ ಆಗಿಲ್ಲ. ಎದ್ದು ಹೋಗಿ ಫೋಲಿಯೋ ನಂಬರ್ ಬರೆದಿಟ್ಟ ಚೀಟಿ ತಂದು ತೋರಿಸುವವರು ಏಳೆಂಟು ಜನ ಆಗುವವರೆಗೆ ಜಾಹೀರಾತಿಗೆ ದುಡ್ಡು ಹಾಕಬೇಡಿ.

— ಸಂಪಾದಕ