ನಾನ್‌ಸ್ಟಿಕ್ ತವಾದ ನಡುಭಾಗವೇ ಮೊದಲು ಯಾಕೆ ಏಳುತ್ತದೆ?

"ತವಾ ತಂದು ವರ್ಷ ಆಗಿಲ್ಲ, ನಡುವೆ ಕೋಟಿಂಗ್ ಏಳ್ತಾ ಇದೆ. ಬೆಳಗ್ಗೆ ಅಕ್ಕಿ ಒಟ್ಟಿ, ಸಂಜೆ ದೋಸೆ ಎಲ್ಲ ಅದರಲ್ಲೇ. ಮರದ ಸಟ್ಟುಗ ಬಿಟ್ಟು ಬೇರೇನೂ ಮುಟ್ಟಿಸಿಲ್ಲ. ಮತ್ಯಾಕೆ ಹೀಗೆ? ಬಿಸಾಡಬೇಕಾ?" (ಗೋಣಿಕೊಪ್ಪದಿಂದ)

ಅಕ್ಕ, ನೀವು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಗೀರು ಒಂದೂ ಕಾಣಲಿಲ್ಲ. ನಡುವೆ ಅಂಗೈ ಅಗಲ ಬಣ್ಣ ಕಂದಿದೆ, ಸಿಪ್ಪೆ ಎದ್ದಿರುವುದೂ ಅಲ್ಲೇ. ಸಟ್ಟುಗದಿಂದ ಹಾಳಾಗಿದ್ದರೆ ಉದ್ದುದ್ದ ಗೆರೆ ಇರುತ್ತಿತ್ತು, ಅದೂ ನೀವು ಕೈ ಆಡಿಸುವ ದಿಕ್ಕಿಗೆ. ಇದು ಉರಿಯಿಂದ ಆಗಿದ್ದು. ನಿಮ್ಮ ಬರ್ನರ್ ಎಷ್ಟು ಅಗಲ ಇದೆಯೋ ಕಂದಿದ ಜಾಗವೂ ಸುಮಾರು ಅಷ್ಟೇ ಅಗಲ ಇರಬೇಕು, ಒಮ್ಮೆ ಇಟ್ಟು ನೋಡಿ.

ಒಟ್ಟಿ ಸುಡುವ ಕ್ರಮವನ್ನೇ ಯೋಚಿಸಿ. ಎಣ್ಣೆ ಹಾಕುವುದಿಲ್ಲ. ತವಾ ಚೆನ್ನಾಗಿ ಕಾಯಲಿ ಅಂತ ಮೊದಲೇ ಜೋರು ಉರಿಯಲ್ಲಿ ಇಟ್ಟಿರುತ್ತೇವೆ. ಒಂದು ಒಟ್ಟಿ ಎರಡೂ ಕಡೆ ಬಾಡಿದ ಮೇಲೆ ಪಕ್ಕದ ಬೆಂಕಿಯಲ್ಲಿ ಉಬ್ಬಿಸುತ್ತೇವೆ. ಅಷ್ಟು ಹೊತ್ತೂ ತವಾ ಖಾಲಿ, ಉರಿ ಮಾತ್ರ ಹಾಗೇ. ದೋಸೆ ಹಾಗಲ್ಲ. ಹಿಟ್ಟಿನ ನೀರು ಆವಿಯಾಗುತ್ತಾ ತವಾದ ಬಿಸಿಯನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ದೋಸೆ ಮಾಡುವಾಗ ತವಾ ಮಿತಿಯಲ್ಲೇ ಇರುತ್ತದೆ. ಖಾಲಿ ತವಾಕ್ಕೆ ಆ ತಡೆ ಇಲ್ಲ. ತೆಳು ಅಲ್ಯೂಮಿನಿಯಂ ತವಾ ಜೋರು ಉರಿಯಲ್ಲಿ ಮೂರು-ನಾಲ್ಕು ನಿಮಿಷಕ್ಕೇ 260 ಡಿಗ್ರಿ ದಾಟಬಹುದು.

ಈ 260 ಯಾಕೆ ಮುಖ್ಯ ಅಂದ್ರೆ, ನಾನ್‌ಸ್ಟಿಕ್ ಪದರ ಬಹುಪಾಲು ಪಿಟಿಎಫ್ಇ ಅನ್ನುವ ಪ್ಲಾಸ್ಟಿಕ್. ಅದಕ್ಕೆ ಸುರಕ್ಷಿತ ಮಿತಿ 260 ಡಿಗ್ರಿ ಸೆಲ್ಸಿಯಸ್ ಹತ್ತಿರ. 327ಕ್ಕೆ ಅದು ಕರಗುತ್ತದೆ, ಇನ್ನೂ ಮೇಲೆ ಹೋದರೆ ಒಡೆದು ಹೊಗೆಯಾಗುತ್ತದೆ. ಯಾವುದಕ್ಕೂ ಅಂಟದ ವಸ್ತು ಅದು, ಲೋಹಕ್ಕೂ ಸುಲಭಕ್ಕೆ ಅಂಟುವುದಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ತವಾದ ಮೈಯನ್ನು ತರಿತರಿ ಮಾಡಿ, ಅಂಟಿನ ಒಂದು ಪದರ ಬಳಿದು, ಮೇಲೆ ಈ ಪದರ ಕೂರಿಸುತ್ತಾರೆ. ಬಿಸಿಯಾದಾಗ ಅಲ್ಯೂಮಿನಿಯಂ ಹಿಗ್ಗುವುದಕ್ಕಿಂತ ಪಿಟಿಎಫ್ಇ ನಾಲ್ಕೈದು ಪಟ್ಟು ಜಾಸ್ತಿ ಹಿಗ್ಗುತ್ತದೆ. ದಿನಾ ಮಿತಿ ಮೀರಿ ಕಾಯಿಸಿದರೆ ಹಿಡಿತ ನಿಧಾನಕ್ಕೆ ಸಡಿಲವಾಗುತ್ತದೆ. ಕಾದ ತವಾವನ್ನು ನಲ್ಲಿ ಕೆಳಗೆ ಹಿಡಿದರೆ ಇನ್ನೂ ಬೇಗ. ಮಳೆಗಾಲದಲ್ಲಿ ನಮ್ಮ ಕಡೆ ನಲ್ಲಿ ನೀರು ಎಷ್ಟು ತಣ್ಣಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಚುಂಯ್ ಅಂದಾಗೆಲ್ಲ ಪದರಕ್ಕೂ ಏಟು, ತಳವೂ ಡೊಂಕಾಗುತ್ತದೆ. ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ತೊಳೆಯಿರಿ.

ಥರ್ಮಾಮೀಟರ್ ಯಾರ ಮನೆಯಲ್ಲೂ ಇರಲ್ಲ. ಎಣ್ಣೆಯೇ ಸಾಕು. ತವಾ ಇಡುವಾಗಲೇ ಅರ್ಧ ಚಮಚ ರಿಫೈನ್ಡ್ ಸೂರ್ಯಕಾಂತಿ ಎಣ್ಣೆ ಸವರಿ, ಮಧ್ಯಮ ಉರಿ ಇಡಿ. ಎಣ್ಣೆ ತೆಳುವಾಗಿ ಅಲೆಅಲೆಯಾಗಿ ಹರಿದರೆ ದೋಸೆಗೆ ತಯಾರು. ಹೊಗೆ ಕಂಡರೆ 230ರ ಆಸುಪಾಸು ಬಂದಿದೆ ಅಂತ, ತಕ್ಷಣ ಉರಿ ತಗ್ಗಿಸಿ. ಗಾಣದ ತೆಂಗಿನೆಣ್ಣೆಯಲ್ಲಿ ಈ ಲೆಕ್ಕ ನಡೆಯಲ್ಲ, ಅದು ತುಂಬಾ ಮೊದಲೇ ಹೊಗೆಯಾಡುತ್ತದೆ. ಒಟ್ಟಿ ಮಾಡುವವರಿಗೆ ಇನ್ನೊಂದು ಗುರುತಿದೆ. ತವಾ ಮೇಲೆ ಉದುರಿದ ಒಣ ಅಕ್ಕಿಹಿಟ್ಟು ನೋಡನೋಡುತ್ತಾ ಕಪ್ಪಾಗುತ್ತಿದ್ದರೆ ಆ ಉರಿ ನಾನ್‌ಸ್ಟಿಕ್‌ಗೆ ಜಾಸ್ತಿಯಾಯಿತು.

ವಿರಾಜಪೇಟೆಯ ಅಣ್ಣ ಮೇಲೆ ಬರೆದಿದ್ದಾರೆ, ಅವರ ಕಡಾಯಿಯಲ್ಲಿ ಪಂದಿ ಕರಿಗೆ ಹಾಕುವ ಹುಳಿ, ಕಾಚಂಪುಳಿ, ಕೋಟಿಂಗನ್ನೇ ತಿಂದುಹಾಕಿತು ಅಂತ. ಅರ್ಧ ಸರಿ ಅಣ್ಣ. ಹುಳಿ ಆ ಪದರವನ್ನು ಏನೂ ಮಾಡಲ್ಲ. ಆದರೆ ಎಲ್ಲೋ ಒಂದು ಸಣ್ಣ ಗೀರಿದ್ದರೆ ಸಾಕು, ಉಪ್ಪು-ಹುಳಿ ಅದರೊಳಗೆ ಇಳಿದು ಕೆಳಗಿನ ಅಲ್ಯೂಮಿನಿಯಂ ತಿನ್ನುತ್ತದೆ. ಆಗ ಪದರ ಗುಳ್ಳೆ ಗುಳ್ಳೆಯಾಗಿ ಮೇಲೇಳುತ್ತದೆ. ಗುಳ್ಳೆ ಒಡೆದರೆ ಒಳಗೆ ಬಿಳಿ ಪುಡಿಯಂಥದ್ದು ಕಾಣಬಹುದು. ಪಂದಿ ಕರಿ ಅದರಲ್ಲಿ ಮಾಡುವುದಕ್ಕಿಂತ ಮಾಡಿ ರಾತ್ರಿಯಿಡೀ ಅದರಲ್ಲೇ ಬಿಡುವುದು ಜಾಸ್ತಿ ತೊಂದರೆ. ನನ್ನ ಕೇಳಿದರೆ ಪಂದಿ ಕರಿಗೆ ಮಡಕೆಯೋ ದಪ್ಪ ತಳದ ಸ್ಟೀಲ್ ಪಾತ್ರೆಯೋ ಇರುವಾಗ ನಾನ್‌ಸ್ಟಿಕ್ ಯಾಕೆ ಬೇಕು?

ಗೀರು ಬೀಳಿಸುವುದು ಯಾವುದು ಅಂತ ಕೇಳಿದವರಿಗೆ: ಸ್ಟೀಲ್ ಸಟ್ಟುಗ, ಫೋರ್ಕ್, ತವಾದಲ್ಲೇ ಆಮ್ಲೆಟ್ ಕತ್ತರಿಸುವ ಚಾಕು. ಇದೆಲ್ಲ ಎಲ್ಲರಿಗೂ ಗೊತ್ತು. ಗಮನಕ್ಕೆ ಬರದ್ದು ತೊಳೆಯುವ ಕಡೆ ಇರುತ್ತದೆ. ಆ ಹಸಿರು ಸ್ಕ್ರಬ್ಬರ್‌ನಲ್ಲಿ ಉಜ್ಜುಕಾಗದದ ಹಾಗೆ ಸಣ್ಣ ಗಟ್ಟಿ ಕಣಗಳಿರುತ್ತವೆ. ಪಾತ್ರೆ ಪುಡಿ, ಬೂದಿಯೂ ಅಷ್ಟೇ. ಮೆತ್ತಗಿನ ಸ್ಪಂಜು, ಲಿಕ್ವಿಡ್ ಸೋಪು ಸಾಕು. ಇನ್ನೊಂದು, ಕಪಾಟಿನಲ್ಲಿ ತವಾ ಮೇಲೆ ಸ್ಟೀಲ್ ಪಾತ್ರೆ ಪೇರಿಸುವುದು. ನಡುವೆ ಹಳೇ ಬಟ್ಟೆ ಹಾಕಿ. ಮರದ ಸಟ್ಟುಗ, ಸಿಲಿಕೋನ್ ಎರಡೂ ಒಳ್ಳೆಯವು. ನೈಲಾನ್ ಸಟ್ಟುಗವನ್ನು ಕಾದ ತವಾ ಮೇಲೆ ಬಿಟ್ಟರೆ ಅಂಚು ಕರಗುತ್ತದೆ.

ಸೋಮವಾರಪೇಟೆಯ ತಂಗಿ ತಮ್ಮ ಕಬ್ಬಿಣದ ಕಾವಲಿಯ ತುಕ್ಕಿನ ವಿಷಯ ಕೇಳಿದ್ದೀರಿ. ಅದು ಬೇರೆಯೇ ಕಥೆ, ಬೇರೆ ಪೋಸ್ಟ್ ಹಾಕಿ, ಇಲ್ಲಿ ಬೆರೆಸಿದರೆ ಗೊಂದಲ. ಕಾವಲಿಗೆ ಹೇಳುವ "ಚೆನ್ನಾಗಿ ಕಾಯಿಸಿ ಎಣ್ಣೆ ಕುಡಿಸಿ" ಅನ್ನುವುದನ್ನು ದಯವಿಟ್ಟು ನಾನ್‌ಸ್ಟಿಕ್‌ಗೆ ಮಾಡಬೇಡಿ.

ಈಗ ಬಿಸಾಡಬೇಕಾ ಅನ್ನುವುದು. ಮೊದಲು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕಂದು ಬಣ್ಣದ ಅಂಟಂಟು ಪದರವಾದರೆ ಅದು ಸುಟ್ಟ ಎಣ್ಣೆ, ಕೋಟಿಂಗ್ ಹೋಗಿಲ್ಲ. ಒಂದು ಲೋಟ ನೀರು, ಎರಡು ಚಮಚ ಅಡುಗೆ ಸೋಡ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿದ ಮೇಲೆ ಸ್ಪಂಜಿನಲ್ಲಿ ಒರೆಸಿ. ಬೆಳ್ಳಗೆ ಹೊಳೆಯುವ ಲೋಹ ಕಂಡರೆ ಸೋಡ ಹಾಕಬೇಡಿ, ಅದು ಅಲ್ಯೂಮಿನಿಯಂ ತಿನ್ನುತ್ತದೆ. ಹೋದ ಪದರವನ್ನು ಮನೆಯಲ್ಲಿ ಮತ್ತೆ ಕೂರಿಸಲು ಆಗಲ್ಲ. ನಿಮ್ಮದರಲ್ಲಿ ಲೋಹ ಕಾಣುತ್ತಿದೆ ಅಕ್ಕ. ಸಿಪ್ಪೆ ಹೊಟ್ಟೆಗೆ ಹೋದರೆ ಕ್ಯಾನ್ಸರ್ ಅಂತ ಒಬ್ಬರು ಹೆದರಿಸಿದ್ದಾರೆ, ಅಷ್ಟು ಗಾಬರಿ ಬೇಡ. ಅದು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಅವರು ಹೇಳುವ ಪಿಎಫ್ಒಎ ಮೊದಲು ಕೋಟಿಂಗ್ ತಯಾರಿಕೆಯಲ್ಲಿ ಬಳಸುತ್ತಿದ್ದ ಬೇರೆ ರಾಸಾಯನಿಕ. ಅಮೆರಿಕದ ದೊಡ್ಡ ಕಂಪನಿಗಳು 2015ರೊಳಗೆ ಅದನ್ನು ಕೈಬಿಟ್ಟವು. ಹಿರಿಯರೊಬ್ಬರು "ಪೂರ್ತಿ ಹೋಗುವವರೆಗೂ ಬಳಸಿ" ಅಂದಿದ್ದಾರೆ. ನಾನಂತೂ ಒಪ್ಪಲ್ಲ, ಸಿಪ್ಪೆ ಏಳುತ್ತಿರುವ ತವಾದಲ್ಲಿ ಮೊಟ್ಟೆ ಹೇಗೂ ಅಂಟುತ್ತದೆ.

ಹೊಗೆಯ ವಿಷಯ ಮಾತ್ರ ಗಂಭೀರ. ಖಾಲಿ ತವಾ ಮರೆತು ತುಂಬಾ ಕಾದರೆ ಬರುವ ಹೊಗೆಯಿಂದ ಕೆಲವು ಗಂಟೆ ಬಿಟ್ಟು ಜ್ವರ, ಚಳಿ, ಎದೆ ಬಿಗಿತ ಬರಬಹುದು. ಪಂಜರದ ಹಕ್ಕಿಗಳು ಸತ್ತೇ ಹೋಗುತ್ತವೆ. ಮಳೆ ಅಂತ ಕಿಟಕಿ ಮುಚ್ಚಿಕೊಂಡು, ಅಡುಗೆಮನೆಯಲ್ಲೇ ಲವ್‌ಬರ್ಡ್ಸ್ ಇಟ್ಟುಕೊಂಡವರು ಪಂಜರ ಬೇರೆ ಕೋಣೆಗೆ ಸಾಗಿಸಿ.

ಹೊಸದು ತಗೊಳ್ಳುವುದಾದರೆ ದಪ್ಪ ತಳದ್ದು ನೋಡಿ. "ಗ್ರಾನೈಟ್" ಅಂತ ಚುಕ್ಕೆ ಇರುವುದೂ ಸಾಮಾನ್ಯವಾಗಿ ಇದೇ ಪಿಟಿಎಫ್ಇ, ಪೆಟ್ಟಿಗೆ ಮೇಲೆ ಓದಿ. ಜಾಸ್ತಿ ಬೆಲೆಯದ್ದು ಅಷ್ಟು ವರ್ಷ ಬರುತ್ತಾ ಅನ್ನುವುದರ ಬಗ್ಗೆ ಈ ಗುಂಪಿನಲ್ಲೇ ಒಮ್ಮತ ಇಲ್ಲ, ಬಳಸಿದವರು ಬರೆಯಲಿ. ಅಕ್ಕಿ ಒಟ್ಟಿ ಸುಡಲು ಮಾತ್ರ ಕಬ್ಬಿಣದ ಕಾವಲಿಯನ್ನೇ ಇಟ್ಟುಕೊಳ್ಳಿ. ಹೊಸ ತವಾ ದೋಸೆ, ಮೊಟ್ಟೆಗಿರಲಿ, ಚಿಕ್ಕ ಬರ್ನರ್ ಮೇಲೆ.