ವಿಜ್ಞಾನ ಪರೀಕ್ಷೆಯ ಹಿಂದಿನ ರಾತ್ರಿ ನಾನು ಬರೆದುಕೊಂಡ ಒಂದು ಪುಟ

ಪ್ರಶ್ನೆ: ನಾಳೆ ಎಸ್ಸೆಸ್ಸೆಲ್ಸಿ ವಿಜ್ಞಾನ ಪೇಪರ್. ಇವತ್ತು ರಾತ್ರಿ ಒಂದೇ ಸಲ ಕಣ್ಣಾಡಿಸಿ ಹೋಗೋಕೆ ಮುಖ್ಯ ಪಾಯಿಂಟ್ ಮಾತ್ರ ಇರೋ ಶೀಟ್ ಯಾರ ಹತ್ರ ಆದ್ರೂ ಇದ್ಯಾ? ಬೆಳಕು, ವಿದ್ಯುತ್ ಸೂತ್ರಗಳು ಎಲ್ಲಾ ಒಂದೇ ಪುಟದಲ್ಲಿ ಇದ್ರೆ ಇನ್ನೂ ಒಳ್ಳೇದು.

ನನ್ನ ಹತ್ತಿರ ಅಂಥ ಶೀಟ್ ಇತ್ತು. ಟ್ಯೂಷನ್‌ನಲ್ಲಿ ಕೊಟ್ಟ ನಾಲ್ಕು ಪುಟದ ಜೆರಾಕ್ಸ್. ಎಲ್ಲಾ ಪಾಠದ ಮುಖ್ಯಾಂಶ ಅದರಲ್ಲಿ ಇತ್ತು. ಪರೀಕ್ಷೆಯ ಹಿಂದಿನ ರಾತ್ರಿ ಊಟ ಮುಗಿಸಿ ಕೂತು, ಆ ನಾಲ್ಕು ಪುಟವನ್ನು ಒಂದೇ ಪುಟಕ್ಕೆ ಇಳಿಸಿದೆ. ಸೂತ್ರಕ್ಕೆ ನೀಲಿ ಪೆನ್ನು, ಹೆಡ್ಡಿಂಗ್‌ಗೆ ಕೆಂಪು ಪೆನ್ನು. ಮುಗಿಯುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಅಮ್ಮ ಎರಡು ಸಲ ಬಂದು ಲೈಟ್ ಆರಿಸು ಅಂದಿದ್ದರು.

ಆ ಪುಟದಲ್ಲಿ ಬೆಳಕಿನ ಪಾಠಕ್ಕೆ ನಾನು ಬರೆದುಕೊಂಡದ್ದು ಎರಡೇ ಸಾಲು:

ದರ್ಪಣ: 1/v + 1/u = 1/f

ಮಸೂರ: 1/v − 1/u = 1/f

ಎರಡೂ ಸರಿಯೇ. ಬೆಳಗ್ಗೆ ಬಸ್ಸಿನಲ್ಲಿ ಕಣ್ಣು ಮುಚ್ಚಿ ಹೇಳಿಕೊಂಡೆ, ತಪ್ಪಿಲ್ಲದೆ ಬಂತು. ಇನ್ನು ಭಯ ಇಲ್ಲ ಅಂದುಕೊಂಡೆ.

ಪೇಪರಿನಲ್ಲಿ ಮಸೂರದ ಲೆಕ್ಕ ಬಂತು. ಸಂಖ್ಯೆಗಳು ಈಗ ನೆನಪಿಲ್ಲ, ಆದರೆ ಲೆಕ್ಕ ಈ ರೀತಿಯದು. ಪೀನ ಮಸೂರದ ಸಂಗಮ ದೂರ 20 ಸೆಂ.ಮೀ. 3 ಸೆಂ.ಮೀ. ಎತ್ತರದ ವಸ್ತುವನ್ನು ಮಸೂರದಿಂದ 30 ಸೆಂ.ಮೀ. ದೂರದಲ್ಲಿ ಇಟ್ಟಿದೆ. ಪ್ರತಿಬಿಂಬ ಎಲ್ಲಿ ಬೀಳುತ್ತದೆ, ಎಷ್ಟು ದೊಡ್ಡದು, ಯಾವ ಬಗೆಯದು?

ಸೂತ್ರ ಬರೆದೆ. ಆಮೇಲೆ u ಜಾಗದಲ್ಲಿ 30 ಹಾಕಿದೆ. ಬರೀ 30. ಅದು −30 ಆಗಬೇಕಿತ್ತು.

ಆ ಒಂದು ಗೆರೆ ಯಾಕೆ ಬಿಟ್ಟುಹೋಯಿತು ಅಂತ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಅದು ಮರೆವು ಅಲ್ಲ. ಆ ಕ್ಷಣ ನಾನು ಯೋಚನೆ ಮಾಡಿಯೇ ಬಿಟ್ಟೆ. ದರ್ಪಣದ ಸೂತ್ರದಲ್ಲಿ ಪ್ಲಸ್ ಇದೆ, ಮಸೂರದ ಸೂತ್ರದಲ್ಲಿ ಮೈನಸ್ ಇದೆ. ಮೈನಸ್ ಆಗಲೇ ಸೂತ್ರದಲ್ಲಿ ಇರುವಾಗ u ಗೆ ಮತ್ತೆ ಮೈನಸ್ ಯಾಕೆ ಅಂತ ಅನ್ನಿಸಿತು. ಆ ಮೈನಸ್ಸೇ ವಸ್ತು ದೂರದ ಮೈನಸ್ ಅಂದುಕೊಂಡುಬಿಟ್ಟೆ. ನಿಜಕ್ಕೂ ಅವೆರಡೂ ಬೇರೆ. ಸೂತ್ರದೊಳಗಿನ ಮೈನಸ್ ಸೂತ್ರದ್ದು, ಅದು ಯಾವ ಲೆಕ್ಕಕ್ಕೂ ಬದಲಾಗುವುದಿಲ್ಲ. u ಹಿಂದಿನ ಮೈನಸ್, ವಸ್ತು ಮಸೂರದ ಎಡಕ್ಕೆ ಇದೆ ಅನ್ನುವುದನ್ನು ಹೇಳುತ್ತದೆ. ಲೆಕ್ಕದಲ್ಲಿ ಎರಡನ್ನೂ ಹಾಕಬೇಕು.

ನನ್ನ ಲೆಕ್ಕ ಹೀಗೆ ಹೋಯಿತು: 1/v = 1/20 + 1/30 = 5/60. ಅಂದರೆ v = 12 ಸೆಂ.ಮೀ. ವರ್ಧನೆ m = v/u = 12/30 = 0.4. ಎತ್ತರ 1.2 ಸೆಂ.ಮೀ.

ಸರಿಯಾದ ದಾರಿ ಇದು. 1/v − 1/(−30) = 1/20. ಎರಡು ಮೈನಸ್ ಸೇರಿ ಪ್ಲಸ್ ಆಗುತ್ತದೆ, ಹಾಗಾಗಿ 1/v = 1/20 − 1/30 = 1/60. v = +60 ಸೆಂ.ಮೀ. m = 60/(−30) = −2. ಎತ್ತರ −6 ಸೆಂ.ಮೀ. ಅಂದರೆ ಪ್ರತಿಬಿಂಬ ಮಸೂರದ ಇನ್ನೊಂದು ಕಡೆ 60 ಸೆಂ.ಮೀ. ದೂರದಲ್ಲಿ ಬೀಳುತ್ತದೆ. ಅದು ಸತ್ಯ, ತಲೆಕೆಳಗಾದದ್ದು, ವಸ್ತುವಿನ ಎರಡರಷ್ಟು ದೊಡ್ಡದು.

ನನ್ನ ಉತ್ತರ ತಪ್ಪು ಅಂತ ಆ ಉತ್ತರವೇ ಕೂಗಿ ಹೇಳುತ್ತಿತ್ತು. v ಪ್ಲಸ್ ಬಂದಿದೆ, ಅಂದರೆ ಪ್ರತಿಬಿಂಬ ಸತ್ಯ. m ಕೂಡ ಪ್ಲಸ್ ಬಂದಿದೆ, ಅಂದರೆ ನೇರ. ವಸ್ತುವಿನ ಸತ್ಯ ಪ್ರತಿಬಿಂಬವನ್ನು ಒಂದು ಮಸೂರ ನೇರವಾಗಿ ಕೊಡುವುದೇ ಇಲ್ಲ, ಅದು ತಲೆಕೆಳಗಾಗಿಯೇ ಇರುತ್ತದೆ. ಇನ್ನೊಂದು ಸುಳಿವೂ ಇತ್ತು. ವಸ್ತು ಇದ್ದದ್ದು 30ರಲ್ಲಿ, ಅಂದರೆ F (20) ಮತ್ತು 2F (40) ನಡುವೆ. ಅಲ್ಲಿ ಇಟ್ಟ ವಸ್ತುವಿನ ಪ್ರತಿಬಿಂಬ ಇನ್ನೊಂದು ಕಡೆ 2F ಆಚೆ ಬೀಳಬೇಕು, 40ಕ್ಕಿಂತ ದೂರ. ನನಗೆ ಬಂದದ್ದು 12. ಆ ಕಿರಣ ಚಿತ್ರವನ್ನು ವರ್ಷವಿಡೀ ಹತ್ತಾರು ಸಲ ಬರೆದಿದ್ದೆ. ಆದರೂ ಲೆಕ್ಕ ಮಾಡುವಾಗ ಚಿತ್ರ ನೆನಪಿಗೆ ಬರಲಿಲ್ಲ, ಏಕೆಂದರೆ ನನ್ನ ಪುಟದಲ್ಲಿ ಸೂತ್ರ ಇತ್ತು, ಚಿತ್ರ ಇರಲಿಲ್ಲ.

ಏನೋ ತಪ್ಪಿದೆ ಅಂತ ಅನ್ನಿಸಿದ್ದು ಮಾತ್ರ ನಿಜ. ಪ್ರತಿಬಿಂಬ ಯಾವ ಬಗೆಯದು ಅಂತ ಬರೆಯೋಕೆ ಹೋದಾಗ ಕೈ ನಿಂತಿತು. ಮತ್ತೆ ಮೊದಲಿಂದ ಮಾಡಿದೆ. ಅದೇ 12. ಮೂರನೇ ಸಲವೂ ಅದೇ 12. ಚಿಹ್ನೆಯನ್ನೇ ತಪ್ಪಾಗಿ ಹಾಕಿದ ಮೇಲೆ ಭಾಗಾಕಾರವನ್ನು ಎಷ್ಟು ಸಲ ಸರಿ ಮಾಡಿದರೂ ಅದೇ ಬರುತ್ತದೆ, ಅಲ್ವಾ? ಅಲ್ಲೇ ಹದಿನೈದು ನಿಮಿಷ ಹೋಯಿತು. ಕೊನೆಗೆ ಜೀವಶಾಸ್ತ್ರದ ಹೃದಯದ ಚಿತ್ರ ಬರೆದೆ, ಭಾಗಗಳನ್ನು ಗುರುತಿಸುವಷ್ಟರಲ್ಲಿ ಬೆಲ್ ಆಯಿತು.

ಫಲಿತಾಂಶ ಬಂದ ಮೇಲೆ ದುಡ್ಡು ಕಟ್ಟಿ ಉತ್ತರ ಪತ್ರಿಕೆಯ ನಕಲು ತರಿಸಿದೆ. ಮಸೂರದ ಲೆಕ್ಕದಲ್ಲಿ ಸೂತ್ರದ ಸಾಲಿಗೆ ಮಾತ್ರ ಅಂಕ ಇತ್ತು. ಕೆಳಗಿನ ಎಲ್ಲಾ ಸಾಲಿನ ಮೇಲೆ ಕೆಂಪು ಗೆರೆ. ಮೌಲ್ಯಮಾಪಕರ ತಪ್ಪು ಏನೂ ಇಲ್ಲ. ಸೂತ್ರಕ್ಕೆ ಬೇರೆ ಅಂಕ, ಬೆಲೆ ಹಾಕಿದ್ದಕ್ಕೆ ಬೇರೆ, ಉತ್ತರಕ್ಕೆ ಬೇರೆ. ನನ್ನ ಪುಟ ನನಗೆ ಕೊಡಿಸಿದ್ದು ಆ ಮೊದಲ ಅಂಕ. ಅದು ಪುಟ ಇಲ್ಲದಿದ್ದರೂ ಬರುತ್ತಿತ್ತು.

ಅದಕ್ಕೇ ನೀವು ಕೇಳಿದ ಶೀಟ್ ನಾನು ಕೊಡುವುದಿಲ್ಲ. ಬೇರೆ ಯಾರಾದರೂ ಕೊಟ್ಟರೂ ಇವತ್ತು ರಾತ್ರಿ ಅದನ್ನು ಓದಬೇಡಿ ಅಂತಲೇ ಹೇಳುತ್ತೇನೆ. ಮುಖ್ಯ ಪಾಯಿಂಟ್ ಅಂದರೆ ಯಾರಿಗೆ ಮುಖ್ಯ? ಆ ಶೀಟ್ ಮಾಡಿದವರು ಪಾಠ ನೋಡಿ ಮಾಡಿದ್ದಾರೆ, ನಿಮ್ಮ ಉತ್ತರ ಪತ್ರಿಕೆ ನೋಡಿ ಅಲ್ಲ. ಅದರಲ್ಲಿರುವ ಮುಕ್ಕಾಲು ಭಾಗ ನಿಮಗೆ ಆಗಲೇ ಗೊತ್ತಿರುತ್ತದೆ. ಗೊತ್ತಿರುವುದನ್ನು ಮತ್ತೆ ಓದಿದರೆ ಧೈರ್ಯ ಬರುತ್ತದೆ, ಅಂಕ ಬರುವುದಿಲ್ಲ. ಪಾಸಾಗುವುದೇ ಕಷ್ಟ ಅನ್ನುವವರಿಗೆ ಪಾಸಿಂಗ್ ಪ್ಯಾಕೇಜ್ ಬೇಕೇ ಬೇಕು, ಅದರ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಆದರೆ ಅದನ್ನೂ ಹಿಡಿಯಬೇಕಾದದ್ದು ಹದಿನೈದು ದಿನ ಮುಂಚೆ, ಹಿಂದಿನ ರಾತ್ರಿ ಅಲ್ಲ.

ಈಗ ನಾನು ಮನೆಯಲ್ಲಿ ಅಕ್ಕಪಕ್ಕದ ಹತ್ತನೇ ಕ್ಲಾಸಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹಿಂದಿನ ರಾತ್ರಿ ಅವರಿಂದ ಮಾಡಿಸುವುದು ಇಷ್ಟೇ. ಪ್ರಿಪರೇಟರಿ ಪರೀಕ್ಷೆಯ ಉತ್ತರ ಪತ್ರಿಕೆ ತೆಗೆಯಿರಿ. ಕೆಂಪು ಗೆರೆ ಬಿದ್ದ ಜಾಗ ಮಾತ್ರ ನೋಡಿ. ಪ್ರತಿ ತಪ್ಪಿಗೂ ಒಂದು ಸಾಲು ಬರೆಯಿರಿ. ಸೂತ್ರ ಬರೆಯಬೇಡಿ, ಆ ಸೂತ್ರ ಬಳಸುವಾಗ ಎಲ್ಲಿ ತಪ್ಪಿದಿರಿ ಅನ್ನುವುದನ್ನು ಬರೆಯಿರಿ. ಪಕ್ಕದಲ್ಲಿ, ಉತ್ತರ ತಪ್ಪಿದ್ದರೆ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನೂ ಬರೆಯಿರಿ. ಅರ್ಧ ಪುಟ ದಾಟುವುದಿಲ್ಲ, ಒಂದು ಗಂಟೆಯ ಕೆಲಸ.

ಬೆಳಕಿನ ಪಾಠಕ್ಕೆ ನಾನು ಈಗ ಬರೆದರೆ ಹೀಗೆ ಬರೆಯುತ್ತೇನೆ. ವಸ್ತು ಯಾವಾಗಲೂ ಎಡಕ್ಕೆ, ಆದ್ದರಿಂದ u ಯಾವಾಗಲೂ ಮೈನಸ್, ದರ್ಪಣಕ್ಕೂ ಮಸೂರಕ್ಕೂ. ಪೀನ ಅಂದರೆ f ಪ್ಲಸ್, ನಿಮ್ನ ಅಂದರೆ f ಮೈನಸ್, ಇದೂ ಎರಡಕ್ಕೂ ಒಂದೇ. v ಚಿಹ್ನೆಯನ್ನು ಮೊದಲೇ ಊಹಿಸಿ ಹಾಕಬೇಡಿ, ಲೆಕ್ಕವೇ ಅದನ್ನು ಕೊಡುತ್ತದೆ. (ಪ್ರಶ್ನೆಯಲ್ಲೇ ಪ್ರತಿಬಿಂಬ ದೂರ ಕೊಟ್ಟಿದ್ದರೆ ಮಾತ್ರ ಅದು ಯಾವ ಕಡೆ ಇದೆ ಅಂತ ನೋಡಿ ನೀವೇ ಚಿಹ್ನೆ ಹಾಕಬೇಕು.)

ಒಂದು ಕಡೆ ಮಾತ್ರ ದರ್ಪಣ ಮತ್ತು ಮಸೂರ ಉಲ್ಟಾ ಆಗುತ್ತವೆ, ಅಲ್ಲೇ ತುಂಬಾ ಮಕ್ಕಳು ಬೀಳುತ್ತಾರೆ. ಮಸೂರದ ಒಳಗೆ ಬೆಳಕು ಹಾದು ಆಚೆ ಹೋಗುತ್ತದೆ, ಹಾಗಾಗಿ ಸತ್ಯ ಪ್ರತಿಬಿಂಬ ಬಲಕ್ಕೆ ಬೀಳುತ್ತದೆ, v ಪ್ಲಸ್. ದರ್ಪಣದಲ್ಲಿ ಬೆಳಕು ತಿರುಗಿ ಬರುತ್ತದೆ, ಸತ್ಯ ಪ್ರತಿಬಿಂಬ ವಸ್ತು ಇರುವ ಕಡೆಯೇ ಬೀಳುತ್ತದೆ, v ಮೈನಸ್. ಇದಕ್ಕೇ ವರ್ಧನೆಯ ಸೂತ್ರವೂ ಬೇರೆ: ಮಸೂರಕ್ಕೆ m = v/u, ದರ್ಪಣಕ್ಕೆ m = −v/u. ಆ ಮೈನಸ್ ಇರುವುದರಿಂದಲೇ, m ಮೈನಸ್ ಬಂದರೆ ತಲೆಕೆಳಗು ಅನ್ನುವುದು ಎರಡಕ್ಕೂ ಹೊಂದುತ್ತದೆ. ಕಾರಣ ಗೊತ್ತಿದ್ದರೆ ಬಾಯಿಪಾಠ ಬೇಕಿಲ್ಲ.

ಲೆಕ್ಕ ಶುರು ಮಾಡುವ ಮೊದಲು ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಅಡ್ಡಗೆರೆ ಎಳೆಯಿರಿ. ನಡುವೆ ಮಸೂರ, ಎರಡೂ ಕಡೆ F ಮತ್ತು 2F, ವಸ್ತು ಎಲ್ಲಿದೆಯೋ ಅಲ್ಲಿ ಒಂದು ಬಾಣ. ಇಷ್ಟಕ್ಕೆ ಹತ್ತು ಸೆಕೆಂಡ್ ಸಾಕು. ಉತ್ತರ ಬಂದ ಮೇಲೆ ಆ ಗೆರೆ ನೋಡಿ. ನನಗೆ ಆ ದಿನ ಆ ಗೆರೆ ಇದ್ದಿದ್ದರೆ 12 ಅನ್ನುವುದು ಮೊದಲ ಸಲವೇ ಸಿಕ್ಕಿಬೀಳುತ್ತಿತ್ತು.

ವಿದ್ಯುತ್ ಪಾಠದಲ್ಲಿ ನನ್ನ ಮಕ್ಕಳು ಜಾಸ್ತಿ ತಪ್ಪುವುದು ಸಮಾಂತರ ಜೋಡಣೆಯಲ್ಲಿ. 2 ಓಮ್ ಮತ್ತು 3 ಓಮ್ ರೋಧಕಗಳು ಇದ್ದರೆ 1/R = 1/2 + 1/3 = 5/6 ಅಂತ ಸರಿಯಾಗಿ ಬರೆಯುತ್ತಾರೆ, ಆಮೇಲೆ ತಲೆಕೆಳಗು ಮಾಡುವುದನ್ನು ಮರೆತು ಉತ್ತರ 5/6 ಅಂತ ಬರೆದುಬಿಡುತ್ತಾರೆ. ಸರಿಯಾದದ್ದು 6/5, ಅಂದರೆ 1.2 ಓಮ್. ಸಮಾಂತರದಲ್ಲಿ ಒಟ್ಟು ರೋಧ ಇರುವುದರಲ್ಲಿ ಚಿಕ್ಕ ರೋಧಕಕ್ಕಿಂತಲೂ ಕಡಿಮೆ ಇರಬೇಕು ಅಂತ ಪರೀಕ್ಷಿಸಬಹುದು. ಆದರೆ 5/6 ಕೂಡ 2ಕ್ಕಿಂತ ಕಡಿಮೆಯೇ, ಆದ್ದರಿಂದ ಈ ಪರೀಕ್ಷೆ ಒಂದೇ ಇಲ್ಲಿ ಸಾಲದು. ಎಡಗಡೆ 1/R ಅಂತ ಇರುವವರೆಗೂ ಉತ್ತರದ ಕೆಳಗೆ ಗೆರೆ ಎಳೆಯಬೇಡಿ. ಇದನ್ನು ಹಾಗೇ ಪುಟದಲ್ಲಿ ಬರೆದುಕೊಳ್ಳಿ.

ಚಿತ್ರಗಳಿಗೆ ಪುಟ ಬೇಡ. ಹೃದಯ, ನರಕೋಶ, ಹೂವಿನ ನೀಳಛೇದ, ಇವುಗಳಲ್ಲಿ ನಿಮಗೆ ಕಷ್ಟ ಅನ್ನಿಸುವ ಒಂದನ್ನು ಇವತ್ತು ಒಂದು ಸಲ ಪುಸ್ತಕ ಮುಚ್ಚಿ ಬರೆಯಿರಿ. ಭಾಗದ ಹೆಸರುಗಳನ್ನು ಚಿತ್ರದ ಜೊತೆಜೊತೆಗೇ ಬರೆಯಿರಿ, ಕೊನೆಗೆ ಅಂತ ಇಟ್ಟುಕೊಳ್ಳಬೇಡಿ. ನನಗೆ ಆದದ್ದು ಹೇಳಿದೆನಲ್ಲ.

ಪುಟ ಬರೆದಾದ ಮೇಲೆ, ಅದು ಕೆಲಸ ಮಾಡುತ್ತದಾ ಅಂತ ನೋಡೋಕೆ ಈ ಒಂದು ಲೆಕ್ಕ ಮಾಡಿ. ನಿಮ್ನ ದರ್ಪಣದ ಸಂಗಮ ದೂರ 15 ಸೆಂ.ಮೀ., ವಸ್ತು ಇರುವುದು 10 ಸೆಂ.ಮೀ. ದೂರದಲ್ಲಿ. ನಿಮಗೆ v = +30 ಸೆಂ.ಮೀ., m = +3 ಬರಬೇಕು. ಪ್ರತಿಬಿಂಬ ದರ್ಪಣದ ಹಿಂದೆ, ಮಿಥ್ಯ, ನೇರ, ಮೂರರಷ್ಟು ದೊಡ್ಡದು. ವಸ್ತು ಧ್ರುವ ಮತ್ತು F ನಡುವೆ ಇದೆ, ಕಿರಣ ಚಿತ್ರವೂ ಅದನ್ನೇ ಹೇಳುತ್ತದೆ. v = 6 ಬಂದರೆ f ಗೆ ಮಾತ್ರ ಮೈನಸ್ ಬಿಟ್ಟಿದ್ದೀರಿ, ಇಲ್ಲವೇ f ಮತ್ತು u ಎರಡಕ್ಕೂ ಮೈನಸ್ ಬಿಟ್ಟು, ಅದರ ಜೊತೆಗೆ ಮಸೂರದ ಸೂತ್ರ ಹಾಕಿದ್ದೀರಿ. −30 ಬಂದರೆ ಸೂತ್ರ ಸರಿಯಿದ್ದು ಎರಡೂ ಚಿಹ್ನೆಗಳು ಬಿಟ್ಟುಹೋಗಿವೆ, ಇಲ್ಲವೇ ಮಸೂರದ ಸೂತ್ರ ಹಾಕಿ f ಗೆ ಮಾತ್ರ ಮೈನಸ್ ಬಿಟ್ಟಿದ್ದೀರಿ. ಯಾವುದು ತಪ್ಪಿತೋ ಆ ಸಾಲನ್ನು ಪುಟಕ್ಕೆ ಸೇರಿಸಿ, ಹತ್ತೂವರೆ ಒಳಗೆ ಮಲಗಿ.