ಸಂಬಳದ ಸ್ಲಿಪ್‌ನಲ್ಲಿ ಮೈನಸ್ ಕಮಿಷನ್: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದ್ದೀನಿ, ಮಂಜು ಅಂತ ಕರೀತೀನಿ. ಮೂವತ್ನಾಲ್ಕು ವರ್ಷ, ಪಂಪ್‌ಸೆಟ್ ಕಂಪನಿ ಒಂದ್ರಲ್ಲಿ ಸೇಲ್ಸ್, ಮೂರು ತಾಲ್ಲೂಕಿನ ಡೀಲರ್‌ಗಳು ಇವರ ಕೈಲಿ. ಆಗಸ್ಟ್ ಮೊದಲನೇ ವಾರ ಬಂದ್ರು, ಕೂತ ತಕ್ಷಣ ಜೇಬಿಂದ ಎರಡು ತಿಂಗಳ ಸ್ಲಿಪ್ ತೆಗೆದು ಟೇಬಲ್ ಮೇಲಿಟ್ರು. "ಮೇಡಮ್, ಕಂಪನಿಯೋರು ನನ್ ದುಡ್ಡು ತಿಂದ್ರು, ಮನೇಲಿ ನೋಡಿದ್ರೆ ನಾನೇ ತಿಂದೆ ಅಂತಾರೆ" ಅಂದ್ರು. ಮೂರು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಮನೇಲಿ ಮಾತಿಲ್ಲ.

ಕಥೆ ಏನಂದ್ರೆ, ಮೀಟಿಂಗ್‌ನಲ್ಲಿ ಮ್ಯಾನೇಜರ್ "ಟಾರ್ಗೆಟ್ ದಾಟಿದ್ರೆ ನಾಲ್ಕು ಪರ್ಸೆಂಟ್" ಅಂದಿದ್ರು. ತಿಂಗಳ ಟಾರ್ಗೆಟ್ 10 ಲಕ್ಷ. ಮೇ ತಿಂಗಳಲ್ಲಿ ಮಂಜು 12 ಲಕ್ಷ ಮಾಡಿದ್ರು. 12 ಲಕ್ಷಕ್ಕೆ ನಾಲ್ಕು ಪರ್ಸೆಂಟ್ ಅಂದ್ರೆ 48,000 ಅಂತ ಅವತ್ತೇ ಲೆಕ್ಕ ಹಾಕಿ, ಅಡವಿಟ್ಟಿದ್ದ ಹೆಂಡತಿ ಸರ ಬಿಡಿಸಿಕೊಡ್ತೀನಿ ಅಂತ ಮನೇಲಿ ಮಾತು ಕೊಟ್ಟೂ ಬಿಟ್ರು. ಬಂದಿದ್ದು 23,000. ಹೆಂಡತಿ ಕೇಳಿದ್ರು, ಉಳಿದ 25,000 ಎಲ್ಲಿ ಹೋಯ್ತು ಅಂತ. ಅದೇ ಜಗಳ ಇನ್ನೂ ಮುಗಿದಿರಲಿಲ್ಲ, ಮುಂದಿನ ತಿಂಗಳ ಸ್ಲಿಪ್ ಬಂತು, ಅದ್ರಲ್ಲಿ ಕಮಿಷನ್ ಅನ್ನೋ ಸಾಲಲ್ಲಿ ಮೈನಸ್ 1,000.

ನಾನು ಮೊದಲು ಕೇಳಿದ್ದು ಇನ್ಸೆಂಟಿವ್ ಲೆಟರ್. ಫೋನಲ್ಲಿತ್ತು, ಇಂಗ್ಲಿಷ್‌ನಲ್ಲಿ ಎರಡು ಪುಟ, ಸೇರಿದ ದಿನ ಸೈನ್ ಮಾಡಿದ್ದು ಬಿಟ್ರೆ ತೆಗೆದು ನೋಡಿಲ್ಲ. ಇದು ಅವರೊಬ್ಬರ ತಪ್ಪು ಅಂತ ನಾನು ಹೇಳಲ್ಲ, ಜೀವನ ನಡೆಸೋ ದುಡ್ಡಿನ ನಿಯಮವನ್ನ ಮೀಟಿಂಗ್‌ನಲ್ಲಿ ಒಂದೇ ಸಾಲಲ್ಲಿ ಹೇಳಿ ಮುಗಿಸೋದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಲೆಟರ್‌ನಲ್ಲಿ ಇದ್ದಿದ್ದು ಹೀಗೆ: 5 ಲಕ್ಷದವರೆಗೆ 1 ಪರ್ಸೆಂಟ್, 5ರಿಂದ 10 ಲಕ್ಷದವರೆಗಿನ ಭಾಗಕ್ಕೆ 2, ಹತ್ತು ದಾಟಿದ ಮೇಲಿನ ಭಾಗಕ್ಕೆ 4. "ಭಾಗಕ್ಕೆ" ಅನ್ನೋ ಮಾತಲ್ಲೇ ಎಲ್ಲ ಇರೋದು.

ಎರಡನೇ ಸಲ ಹೆಂಡತಿನೂ ಕರ್ಕೊಂಡ್ ಬನ್ನಿ ಅಂದೆ. ಬಂದ್ರು, ಕುರ್ಚಿ ಸ್ವಲ್ಪ ದೂರ ಎಳ್ಕೊಂಡು ಕೂತ್ರು. ಒಂದು ಹಾಳೆ ಮೇಲೆ ಬರೆದು ತೋರಿಸ್ದೆ. ಮೊದಲ 5 ಲಕ್ಷಕ್ಕೆ 5,000. ಆಮೇಲಿನ 5 ಲಕ್ಷಕ್ಕೆ 10,000. ಹತ್ತರ ಮೇಲಿನ 2 ಲಕ್ಷಕ್ಕೆ ಮಾತ್ರ ನಾಲ್ಕು ಪರ್ಸೆಂಟ್, 8,000. ಒಟ್ಟು 23,000. ಆಯಮ್ಮ ಹಾಳೆ ನೋಡ್ತಾ ನೋಡ್ತಾ, "ಮೊದ್ಲು ಕರೆಂಟ್ ಬಿಲ್ ಬರ್ತಿತ್ತಲ್ಲ, ಇಷ್ಟು ಯೂನಿಟ್‌ಗೆ ಒಂದು ರೇಟು, ಜಾಸ್ತಿ ಸುಟ್ಟಿದ್ದಕ್ಕೆ ಇನ್ನೊಂದು ರೇಟು, ಹಂಗೇ ಅಲ್ವಾ ಮೇಡಮ್" ಅಂದ್ರು. ಹಂಗೇ. ಗಂಡನ ಕಡೆ ತಿರುಗಿ, "ಹಂಗಾದ್ರೆ 25,000 ಇರಲೇ ಇಲ್ಲ ಅನ್ನಿ" ಅಂದ್ರು. ಮಂಜು ತಲೆ ತಗ್ಗಿಸಿ ಕೂತಿದ್ರು. ಆ ಮನೆ ಜಗಳದ ಅರ್ಧ ಅಲ್ಲೇ ಇಳೀತು ಅನ್ಸುತ್ತೆ.

ಇಲ್ಲಿ ಒಂದು ಮಾತು, ಎಲ್ಲ ಕಡೆ ಹೀಗೇ ಇರಲ್ಲ. ಕೆಲವು ಕಂಪನಿಗಳಲ್ಲಿ ಟಾರ್ಗೆಟ್ ದಾಟಿದ್ರೆ ಮೊದಲ ರೂಪಾಯಿಯಿಂದಲೇ ದೊಡ್ಡ ರೇಟ್ ಕೊಡ್ತಾರೆ, ಮಂಜು ಹಳೇ ಕಂಪನಿಯಲ್ಲಿ ಹಾಗಿತ್ತಂತೆ, ಅದಕ್ಕೇ ಇಲ್ಲೂ ಹಾಗೇ ಅಂದ್ಕೊಂಡಿದ್ದು. ಅಂಥ ಕಡೆ ಟಾರ್ಗೆಟ್ ಹತ್ರ ಬಂದಾಗ ಒಂದೇ ಒಂದು ಆರ್ಡರ್‌ಗೆ ಕಮಿಷನ್ ದುಪ್ಪಟ್ಟಾಗಬಹುದು, ಹಾಗಾಗಿ ತಿಂಗಳ ಕೊನೇ ವಾರದ ಒತ್ತಡ ಇನ್ನೂ ಜಾಸ್ತಿ.

ಮೈನಸ್ 1,000 ವಿಷಯ ಇದಕ್ಕಿಂತ ಕಷ್ಟದ್ದು, ಅದನ್ನ ಹೆಂಡತಿ ಇಲ್ಲದಾಗ ಮಂಜು ಹೇಳಿದ್ರು. ಮೇ 28ಕ್ಕೆ ಅವರ ಸೇಲ್ 9.2 ಲಕ್ಷ ಇತ್ತು. ಪರಿಚಯದ ಡೀಲರ್ ಹತ್ರ ಹೋಗಿ, ಬೇಡ ಬೇಡ ಅಂದ್ರೂ "ಅಣ್ಣಾ, ಮಾರಾಟ ಆಗ್ಲಿಲ್ಲ ಅಂದ್ರೆ ವಾಪಸ್ ತಗೋತೀನಿ" ಅಂತ ಹೇಳಿ 2.8 ಲಕ್ಷದ ಮಾಲು ಇಳಿಸಿ ಬಿಲ್ ಮಾಡಿಸಿದ್ರು. ಜೂನ್‌ನಲ್ಲಿ ಮಳೆ ಹಿಡೀತು. ಮಳೆಗಾಲದಲ್ಲಿ ಪಂಪ್ ಕೇಳೋರು ಕಮ್ಮಿ, ಡೀಲರ್ 2 ಲಕ್ಷದ ಮಾಲು ವಾಪಸ್ ಕಳಿಸಿದ್ರು, ಕಂಪನಿ ಕ್ರೆಡಿಟ್ ನೋಟ್ ಕೊಟ್ತು, ಆ 2 ಲಕ್ಷಕ್ಕೆ ಕೊಟ್ಟಿದ್ದ 8,000 ಕಮಿಷನ್ ಹಿಂದಕ್ಕೆ ಹಿಡ್ಕೊಳ್ತು. ಜೂನ್ ಸೇಲ್ 6 ಲಕ್ಷ, ಅದಕ್ಕೆ 7,000. ಏಳರಲ್ಲಿ ಎಂಟು ಕಳೆದ್ರೆ ಮೈನಸ್ ಒಂದು.

"ನಾಲ್ಕು ಪರ್ಸೆಂಟ್‌ನಲ್ಲಿ ಕಟ್ ಮಾಡಿದ್ದು ಮೋಸ ಅಲ್ವಾ" ಅಂತ ಕೇಳಿದ್ರು. ಅಲ್ಲ, ಯಾವ ರೇಟಲ್ಲಿ ಕೊಟ್ಟಿದ್ರೋ ಅದೇ ರೇಟಲ್ಲಿ ವಾಪಸ್ ತಗೊಂಡಿದ್ದಾರೆ. ಎರಡು ಪರ್ಸೆಂಟ್ ಸ್ಲ್ಯಾಬ್‌ನಲ್ಲಿ ಬಂದ ಮಾಲಿಗೆ ನಾಲ್ಕು ಕಟ್ ಮಾಡಿದ್ರೆ ಆಗ ಜಗಳ ಆಡಿ ಅಂದೆ.

ಆಮೇಲೆ ಅವರ ಕೈಲೇ ಇನ್ನೊಂದು ಲೆಕ್ಕ ಮಾಡಿಸ್ದೆ, ಆ ಮಾಲು ಇಳಿಸದೇ ಇದ್ದಿದ್ರೆ ಏನಾಗ್ತಿತ್ತು ಅಂತ. ಮೇ 9.2 ಲಕ್ಷಕ್ಕೆ 13,400. ಡೀಲರ್ ಹತ್ರ ನಿಜವಾಗಿ ಉಳಿದಿದ್ದು 80,000 ರೂಪಾಯಿ ಮಾಲು, ಅದನ್ನ ಜೂನ್‌ನಲ್ಲಿ ಅವರೇ ತಗೊಂಡಿದ್ರೆ ಜೂನ್ 6.8 ಲಕ್ಷ, ಅದಕ್ಕೆ 8,600. ಎರಡೂ ಸೇರಿ 22,000. ಈಗ ಬಂದಿದ್ದೆಷ್ಟು? 23,000 ಬಂತು, 1,000 ಹೋಯ್ತು, 22,000. ಪೆನ್ ಕೆಳಗಿಟ್ಟು ಮಂಜು ಸುಮಾರು ಹೊತ್ತು ಮಾತಾಡಲಿಲ್ಲ. ವಾಪಸ್ ಬಂದ ಮಾಲು ಕಳೆದ್ರೆ ಮೇ ನಿಜವಾದ ಸೇಲ್ ಸರಿಯಾಗಿ 10 ಲಕ್ಷ, ಅಂದ್ರೆ ನಾಲ್ಕು ಪರ್ಸೆಂಟ್ ಭಾಗಕ್ಕೆ ಅವರು ಕಾಲಿಟ್ಟೇ ಇರಲಿಲ್ಲ. ಅಷ್ಟು ಓಡಾಟ, ಡೀಲರ್ ಜೊತೆ ಮುಖ ಕೆಟ್ಟಿದ್ದು, ಮನೇಲಿ ಜಗಳ, ಇದಕ್ಕೆಲ್ಲ ಒಂದು ರೂಪಾಯಿನೂ ಹೆಚ್ಚಿಗೆ ಸಿಗಲಿಲ್ಲ.

ನಾನು ಹೇಳಿದ್ದು ಇಷ್ಟು. ಮ್ಯಾನೇಜರ್‌ಗೂ ಹೆಚ್‌ಆರ್‌ಗೂ ಒಂದು ಮೇಲ್ ಹಾಕಿ, ಜಗಳದ ಧಾಟಿ ಬೇಡ, ಮೂರೇ ವಿಷಯ ಕೇಳಿ: ಸೇಲ್ ಅಂತ ಯಾವಾಗ ಲೆಕ್ಕ, ಬಿಲ್ ಆದಾಗಲೋ ಡೀಲರ್ ದುಡ್ಡು ಕಟ್ಟಿದಾಗಲೋ, ಮಾಲು ವಾಪಸ್ ಬಂದ್ರೆ ಎಷ್ಟು ತಿಂಗಳವರೆಗೆ ಕಟ್ ಮಾಡ್ತೀರಿ, ಮಳೆಗಾಲಕ್ಕೂ ಟಾರ್ಗೆಟ್ ಅದೇನಾ. ಬಾಯಲ್ಲಿ ಹೇಳಿದ್ರೆ ಬಿಡಬೇಡಿ, ಬರೆದು ಕೊಡಲಿ. ಮನೆ ಖರ್ಚನ್ನ ಫಿಕ್ಸೆಡ್ ಸಂಬಳದ 24,000 ಮತ್ತು ವರ್ಷದಲ್ಲಿ ಅತಿ ಕಮ್ಮಿ ಬಂದ ತಿಂಗಳ ಕಮಿಷನ್, ಇಷ್ಟರೊಳಗೇ ಕೂರಿಸಿ, ಸರ ಬಿಡಿಸೋ ದುಡ್ಡು ಅದರ ಮೇಲೆ ಬಂದಿದ್ರಲ್ಲಿ ಮಾತ್ರ, ಅದೂ ಮಾಲು ವಾಪಸ್ ಬರೋ ಅವಧಿ ಮುಗಿದ ಮೇಲೆ. ತಿಂಗಳ ಕೊನೇಲಿ ಆರ್ಡರ್ ಕೇಳೋ ಮುಂಚೆ ಡೀಲರ್ ಗೋಡೌನ್‌ಗೆ ಹೋಗಿ ಹಳೇ ಮಾಲು ಎಷ್ಟಿದೆ ಎಣಿಸಿ, ಅಲ್ಲೇ ಗೊತ್ತಾಗುತ್ತೆ ಇದು ಮಾರಾಟ ಆಗೋ ಆರ್ಡರ್ರೋ ವಾಪಸ್ ಬರೋ ಆರ್ಡರ್ರೋ. ಬೇಸಿಗೆಯಲ್ಲಿ ರೈತರೇ ಅಂಗಡಿಗೆ ಬರೋ ತಿಂಗಳುಗಳಲ್ಲಿ ಹತ್ತರ ಮೇಲೆ ಒಂದೊಂದು ಲಕ್ಷಕ್ಕೂ 4,000 ಸಿಗುತ್ತೆ, ಓಡಾಟದ ಶಕ್ತಿನ ಆ ತಿಂಗಳಿಗೆ ಇಟ್ಕೊಳ್ಳಿ.

ಡೀಲರ್ ಹತ್ರ ಹೋಗಿ ತಪ್ಪಾಯ್ತು ಅನ್ನೋದು ಅವರಿಗೆ ಎಲ್ಲಕ್ಕಿಂತ ಕಷ್ಟ ಆಯ್ತು, ಅದನ್ನ ಕೊನೆಗೆ ಮಾಡಿದ್ರು. ಸೆಪ್ಟೆಂಬರ್‌ನಲ್ಲಿ ಗಂಡ ಹೆಂಡತಿ ಇಬ್ಬರೂ ಬಂದಿದ್ರು. ಮೇಲ್‌ಗೆ ಉತ್ತರ ಬಂದಿತ್ತು, ವಾಪಸ್ ಮಾಲಿನ ಅವಧಿ 60 ದಿನ ಅಂತ ಬರೆದು ಕೊಟ್ಟಿದ್ರು, ಮಳೆಗಾಲದ ಟಾರ್ಗೆಟ್ ಬಗ್ಗೆ ಮಾತ್ರ ಉತ್ತರ ಇಲ್ಲ. ಸ್ಲಿಪ್ ಬಂದ ದಿನ ಲೆಕ್ಕ ಹಾಕೋದು ಈಗ ಆಯಮ್ಮಂದೇ ಕೆಲಸ ಅಂತೆ, ಸರ ಇನ್ನೂ ಬಿಡಿಸಿಲ್ಲ.